ಆಷಾಢ ಸೇಲಿನ ಎಸ್ಸೆಮ್ಮೆಸ್ ಬಂದ ದಾರಿ

ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವವರು ತಲೆ ಎತ್ತದೆಯೇ ‘ನಂಬರ್ ಹೇಳಿ’ ಅನ್ನುತ್ತಾರೆ. ನಾವೂ ಹೇಳಿಬಿಡುತ್ತೇವೆ. ಬಿಲ್ಲು ಫೋನಿಗೆ ಬರುತ್ತದೆ. ಕೆಲವು ತಿಂಗಳಾದ ಮೇಲೆ ಅದೇ ಫೋನಿಗೆ ಆಷಾಢ ಸೇಲಿನ ಎಸ್ಸೆಮ್ಮೆಸ್ಸೂ ಬರುತ್ತದೆ. ಬಿಲ್ಲಿಗೆಂದು ಕೊಟ್ಟ ನಂಬರು ಸೇಲಿಗೆ ಹೋದದ್ದು ಹೇಗೆ? ಗ್ರಾಹಕರ ಮಾಹಿತಿಯ ಆಡಿಟ್ ಮಾಡುವವರು ಹುಡುಕುವುದು ಈ ದಾರಿಯನ್ನೇ.

ನಮ್ಮಲ್ಲಿ ಇದಕ್ಕೆ ಅಳತೆಗೋಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ವ್ಯಾಪಾರಿಗಳಿಗೆ ತಟ್ಟುವ ಮುಖ್ಯ ಕಟ್ಟಳೆಗಳಿಗೆ ಅಲ್ಲಿಂದ 18 ತಿಂಗಳ ಗಡುವು ಇದೆ. ಪ್ರತಿವರ್ಷ ಆಡಿಟ್ ಮಾಡಿಸಲೇಬೇಕೆಂಬ ನಿಯಮ ಸರ್ಕಾರ ವಿಶೇಷವಾಗಿ ಗುರುತಿಸುವ ಸಂಸ್ಥೆಗಳಿಗೆ ಮಾತ್ರ. ಆದರೆ ಒಪ್ಪಿಗೆ ಪಡೆದದ್ದನ್ನು ಸಾಬೀತುಪಡಿಸುವ ಹೊಣೆ ಸಣ್ಣ ಅಂಗಡಿಯ ಮೇಲೂ ಇದೆ. ಗ್ರಾಹಕರು ‘ನಾನು ಒಪ್ಪಿರಲಿಲ್ಲ’ ಅಂದರೆ ದಾಖಲೆ ತೋರಿಸಬೇಕಾದದ್ದು ಅಂಗಡಿಯೇ.

ನಾಲ್ಕು ಶಾಖೆಗಳ ಒಂದು ಸೀರೆ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಮಾಲೀಕರು ಒಪ್ಪಿಗೆ ಪತ್ರಗಳ ದಪ್ಪ ಫೈಲನ್ನು ಮುಂದಿಡುತ್ತಾರೆ. ಅನುಭವಿ ಆಡಿಟರ್ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಆ ಫೈಲಿನಿಂದ ಹೆಸರು ಆರಿಸಿದರೆ ಒಪ್ಪಿಗೆ ಕೊಟ್ಟವರೇ ಸಿಗುತ್ತಾರೆ, ಕೊಡದವರು ಸಿಗುವುದೇ ಇಲ್ಲ. ಹಾಗಾಗಿ ಅವರು ಕೇಳುವುದು ಕಳೆದ ಸೇಲಿಗೆ ಎಸ್ಸೆಮ್ಮೆಸ್ ಹೋದ ನಂಬರುಗಳ ಪಟ್ಟಿಯನ್ನು. ಅದರಲ್ಲಿ 30 ನಂಬರು ಆರಿಸಿ, ಒಂದೊಂದರ ಮೂಲ ಹುಡುಕುತ್ತಾ ಹಿಂದಕ್ಕೆ ಹೋಗುತ್ತಾರೆ.

17 ನಂಬರುಗಳಿಗೆ ಸರಿಯಾದ ದಾಖಲೆ ಸಿಕ್ಕಿತು ಅನ್ನಿ. ಸರಿಯಾದದ್ದೆಂದರೆ ಒಪ್ಪಿದ ದಿನ ಮತ್ತು ಹೊತ್ತು, ಯಾವ ಕೆಲಸಕ್ಕೆ ಒಪ್ಪಿದರು, ಆಗ ತೋರಿಸಿದ ಸೂಚನೆಯ ಪಠ್ಯ ಯಾವುದು ಎಂಬುದೆಲ್ಲ ಅದರಲ್ಲಿರಬೇಕು. ಆ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಗ್ರಾಹಕರಿಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಇನ್ನು ಮೂರು ನಂಬರುಗಳಿಗೆ ‘ಒಪ್ಪಿಗೆ: ಹೌದು’ ಎಂದಷ್ಟೇ ಇದೆ, ಯಾವಾಗ, ಯಾವುದಕ್ಕೆ ಎಂಬುದಿಲ್ಲ. ಎಂಟು ಮಂದಿ ನಂಬರು ಕೊಟ್ಟದ್ದು ಬಿಲ್ಲಿಗೆ ಮಾತ್ರ. ಹಾಗೆ ತಾವಾಗಿ ಕೊಟ್ಟ ನಂಬರಿಗೆ ಬಿಲ್ಲು ಕಳಿಸಬಹುದು, ಸೇಲಿನ ಕರೆ ಕಳಿಸುವಂತಿಲ್ಲ.

ಉಳಿದ ಇಬ್ಬರು ‘ಸಾಕು, ಕಳಿಸಬೇಡಿ’ ಎಂದು ಮೊದಲೇ ಹೇಳಿದ್ದವರು. ಶಾಖೆಯ ಕಂಪ್ಯೂಟರಿನಲ್ಲಿ ಅದು ದಾಖಲಾಗಿದೆ. ಆದರೆ ಎಸ್ಸೆಮ್ಮೆಸ್ ಕಳಿಸುವ ಏಜೆನ್ಸಿಯ ಹತ್ತಿರ ಇರುವುದು ಮಾರ್ಚಿನಲ್ಲಿ ಕೊಟ್ಟ ಹಳೆಯ ಎಕ್ಸೆಲ್ ಪಟ್ಟಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಸಾಧ್ಯವಾಗಬೇಕು ಎಂಬುದು ಕಾನೂನು. ಇಲ್ಲಿ ಹಿಂಪಡೆದ ಮಾತು ಏಜೆನ್ಸಿಯವರೆಗೆ ತಲುಪಲೇ ಇಲ್ಲ. ಆಡಿಟಿನಲ್ಲಿ ಎಡವಟ್ಟು ಸಿಗುವುದು ಹೆಚ್ಚಾಗಿ ಇಂಥ ನಕಲು ಪಟ್ಟಿಗಳಲ್ಲೇ.

ಮುಂದಿನ ಪ್ರಶ್ನೆ, ಎಷ್ಟು ದಿನ ಇಟ್ಟುಕೊಳ್ಳಬಹುದು? ಆಡಿಟರ್ ಪಟ್ಟಿಯನ್ನು ಕೊನೆಯ ಖರೀದಿಯ ದಿನಾಂಕದ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಹಳೆಯದನ್ನು ನೋಡುತ್ತಾರೆ. ಒಬ್ಬರು 2017ರಲ್ಲಿ ಮದುವೆ ಸೀರೆ ಕೊಂಡವರು, ಆಮೇಲೆ ಬಂದೇ ಇಲ್ಲ. ಜಿಎಸ್‌ಟಿ ಕಾನೂನು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಲು ಹೇಳುತ್ತದೆ, ಅಲ್ಲಿಯವರೆಗೆ ಬಿಲ್ಲು ಇರಲೇಬೇಕು. ಆದರೆ ಅವರ ಮದುವೆಯ ತಾರೀಖು ಬಿಲ್ಲಿನ ಭಾಗವಲ್ಲ. ವಾರ್ಷಿಕೋತ್ಸವಕ್ಕೆ ಶುಭಾಶಯ ಕಳಿಸಲೆಂದು ಬರೆದುಕೊಂಡದ್ದು ಅದು. ಆ ಕೆಲಸ ಮುಗಿದ ಮೇಲೆ ಅಳಿಸಬೇಕು. ಎರಡೂ ಒಂದೇ ಸಾಲಿನಲ್ಲಿ ಕೂತಿದ್ದರೆ ಅಂಗಡಿಯವರು ಬಿಲ್ಲಿನ ನೆಪದಲ್ಲಿ ಎಲ್ಲವನ್ನೂ ಉಳಿಸಿಕೊಂಡಿರುತ್ತಾರೆ.

ಮೂರನೆಯದು ಸೋರಿಕೆ. ಆಡಿಟರ್ ಒಂದು ಅಣಕು ಪರೀಕ್ಷೆ ಒಡ್ಡುತ್ತಾರೆ: ‘ಶನಿವಾರ ರಾತ್ರಿ ಮ್ಯಾನೇಜರರ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋಯಿತು, ಗ್ರಾಹಕರ ಪಟ್ಟಿ ಅದರಲ್ಲಿದೆ. ಈಗೇನು ಮಾಡುತ್ತೀರಿ?’ ಮ್ಯಾನೇಜರು ‘ಸೋಮವಾರ ಸಾಹೇಬರಿಗೆ ಹೇಳುತ್ತೇನೆ’ ಅಂದರೆ ಅಷ್ಟರಲ್ಲಿ ಗಡುವಿನ ಬಹುಪಾಲು ಮುಗಿದಿರುತ್ತದೆ. ಸೋರಿಕೆ ಗೊತ್ತಾದೊಡನೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತ ಗ್ರಾಹಕರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ ಪೂರ್ಣ ವಿವರವನ್ನು 72 ಗಂಟೆಯೊಳಗೆ ಕೊಡಬೇಕು. ಏನಾಯಿತು, ಅದರಿಂದ ಏನು ತೊಂದರೆಯಾಗಬಹುದು, ಗ್ರಾಹಕರು ಏನು ಎಚ್ಚರ ವಹಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಅವರಿಗೆ ಹೋಗುವ ಸಂದೇಶದಲ್ಲಿರಬೇಕು. ತಿಳಿಸದೆ ಮುಚ್ಚಿಟ್ಟರೆ ದಂಡ 200 ಕೋಟಿ ರೂಪಾಯಿಯವರೆಗೆ ಏರಬಹುದು.

ಕಾಗದದ ಮೇಲೆ ಇದೆಲ್ಲ ಸರಿಯಾಯಿತೆಂದು ಮಾಲೀಕರು ಹೇಳಿದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ. ಆಡಿಟರ್ ಸಾಮಾನ್ಯ ಗಿರಾಕಿಯಂತೆ ಹೋಗಿ ಒಂದು ರವಿಕೆ ಕಣ ಕೊಳ್ಳುತ್ತಾರೆ. ನಂಬರು ಕೊಟ್ಟು, ಆಫರುಗಳಿಗೂ ಒಪ್ಪಿ, ಮರುವಾರ ಆ ಒಪ್ಪಿಗೆಯನ್ನು ಹಿಂಪಡೆಯುತ್ತಾರೆ. ಮುಂದಿನ ಸೇಲು ಶುರುವಾದ ದಿನ ಅವರ ಫೋನು ಸುಮ್ಮನಿದ್ದರೆ ಮಾತ್ರ ವರದಿಯಲ್ಲಿ ‘ಸರಿಯಾಗಿದೆ’ ಎಂದು ಬರೆಯುತ್ತಾರೆ.