ಸ್ಲೈಡಿನಿಂದ ಬೀಳ್ಕೊಡುಗೆಯ ಪತ್ರಕ್ಕೆ

ಮಾರ್ಚ್ ಮುಗಿಯುತ್ತಿದ್ದಂತೆ ಕಚೇರಿಗಳಲ್ಲಿ ವರ್ಷದ ಸಾಧನೆಯ ಸ್ಲೈಡುಗಳು ಸಿದ್ಧವಾಗುತ್ತವೆ. ಅದೇ ಹೊತ್ತಿಗೆ ಕೆಲಸ ಬಿಡುವ ಮುಖ್ಯಸ್ಥರು ವಿದಾಯದ ಪತ್ರಕ್ಕೆ ಅವುಗಳನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ತೊಡಕು ಶುರುವಾಗುವುದು ಅಲ್ಲೇ. ಸ್ಲೈಡು ಬರೆದದ್ದು ಆಡಳಿತ ಮಂಡಳಿಗಾಗಿ. ಪತ್ರ ಓದುವವರು ಆ ಕೆಲಸ ಮಾಡಿದವರು.

ಗ್ರಾಹಕ ಸೇವಾ ತಂಡವೊಂದನ್ನು ಊಹಿಸಿಕೊಳ್ಳೋಣ. ಸ್ಲೈಡಿನಲ್ಲಿ ‘ದೂರು ಪರಿಹಾರದ ಸರಾಸರಿ ಅವಧಿ 48 ಗಂಟೆಯಿಂದ 30ಕ್ಕೆ, ಶೇ. 37.5 ಇಳಿಕೆ’ ಎಂದಿದೆ. ಪತ್ರಕ್ಕೆ ಶೇಕಡಾವಾರು ಬೇಡ. ‘ಎರಡು ದಿನ ಕಾಯುತ್ತಿದ್ದ ಗ್ರಾಹಕರಿಗೆ ಈಗ ಮರುದಿನವೇ ಉತ್ತರ ಸಿಗುತ್ತಿದೆ’ ಎಂದರೂ ಚೆಂದವೇ, ಆದರೆ ತಪ್ಪು: 30 ಗಂಟೆ ಬರೀ ಸರಾಸರಿ, ಕೆಲವರು ಇನ್ನೂ ಮೂರು ದಿನ ಕಾಯುತ್ತಿರಬಹುದು. ‘ರಾತ್ರಿ ಪಾಳಿಯವರು ಬಾಕಿ ದೂರುಗಳ ಟಿಪ್ಪಣಿ ಬರೆದಿಟ್ಟು ಹೋಗತೊಡಗಿದ ಮೇಲೆ ಸರಾಸರಿ 18 ಗಂಟೆ ಉಳಿಯಿತು’ ಎಂದಾಗ ಅಂಕಿಯೂ ನಿಜ, ದುಡಿದವರೂ ಕಾಣುತ್ತಾರೆ.

ಕಳಿಸುವ ಮುನ್ನ ಲೆಕ್ಕದ ಅವಧಿಯನ್ನೂ ನೋಡಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಅಂಕಿಯನ್ನು ‘2024ರ ಸಾಧನೆ’ ಎಂದರೆ ಮೂರು ತಿಂಗಳು ಆಚೀಚೆಯಾಗುತ್ತದೆ. ಗ್ರಾಹಕ ಕಂಪನಿಗಳ ಹೆಸರು, ಆದಾಯದ ಮೊತ್ತ ಸ್ಲೈಡಿನಲ್ಲೇ ಉಳಿಯಲಿ. ಇಂಥ ಪತ್ರಗಳು ತಂಡದಾಚೆಗೂ ಫಾರ್ವರ್ಡ್ ಆಗುತ್ತವೆ.

ಮುಖ್ಯಸ್ಥರು ಸೇರುವ ಮೊದಲೇ ಆರಂಭವಾಗಿದ್ದ ಕೆಲಸವಿದ್ದರೆ, ಅದನ್ನು ಶುರುಮಾಡಿದವರ ಹೆಸರೂ ಪತ್ರದಲ್ಲಿ ಬರಬೇಕು.