ಬಿಲ್ ನಂಬರಿನ ಸಾಲು ಎಲ್ಲಿ ಮುರಿಯುತ್ತದೆ

ರಾಜ್ಯದೊಳಗೆ ಸಾಮಾನ್ಯ ಗಿರಾಕಿಗಳಿಗೆ ಮಾಡಿದ ಚಿಲ್ಲರೆ ಮಾರಾಟವನ್ನು ವ್ಯಾಪಾರಿ ತನ್ನ ಜಿಎಸ್‌ಟಿ ರಿಟರ್ನ್‌ನಲ್ಲಿ ಬಿಲ್ ಬಿಲ್ಲಾಗಿ ತೋರಿಸಬೇಕಿಲ್ಲ. ತಿಂಗಳ ಒಟ್ಟು ಮೊತ್ತವನ್ನು ತೆರಿಗೆ ದರದ ಪ್ರಕಾರ ಬರೆದರೆ ಸಾಕು. ಹಾಗಾದರೆ ನಡುವೆ ನಾಲ್ಕು ಬಿಲ್ ಕಾಣೆಯಾದರೆ ತಿಳಿಯುವುದು ಹೇಗೆ? ನಂಬರಿನಿಂದ. 147ರ ನಂತರ 152 ಬಂದಿದ್ದರೆ ನಡುವಿನ ನಾಲ್ಕಕ್ಕೆ ಯಾರಾದರೂ ಉತ್ತರ ಹೇಳಬೇಕು. ಈ ಕಾರಣಕ್ಕೇ ಜಿಎಸ್‌ಟಿ ನಿಯಮ 46 ಪ್ರತಿ ಇನ್‌ವಾಯ್ಸ್‌ಗೂ ಅನುಕ್ರಮ ಸಂಖ್ಯೆ ಇರಬೇಕು, ಅದು 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು ಎನ್ನುತ್ತದೆ. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಬಿಟ್ಟು ಬೇರೇನನ್ನೂ ಬಳಸುವಂತಿಲ್ಲ.

ಒಂದೇ ಅಂಗಡಿ, ಒಂದೇ ಬಿಲ್ ಬುಕ್ ಇದ್ದಾಗ ಇದು ಕಷ್ಟವಲ್ಲ. ಪುಸ್ತಕದಲ್ಲಿ ನಂಬರ್ ಮೊದಲೇ ಅಚ್ಚಾಗಿರುತ್ತದೆ, ಹಾಳಾದ ಹಾಳೆಯ ಮೇಲೆ ‘ಕ್ಯಾನ್ಸಲ್’ ಎಂದು ಗೀಚಿ ಕಾರ್ಬನ್ ಪ್ರತಿಯ ಜೊತೆ ಅಲ್ಲೇ ಬಿಡುತ್ತಾರೆ. ತೊಂದರೆ ಶುರುವಾಗುವುದು ಶಾಖೆಗಳು ಹುಟ್ಟಿ ಕಂಪ್ಯೂಟರ್ ಬಂದ ಮೇಲೆ.

ದಾವಣಗೆರೆಯಲ್ಲಿ ಮುಖ್ಯ ಅಂಗಡಿ, ಹುಬ್ಬಳ್ಳಿ ಮತ್ತು ಶಿವಮೊಗ್ಗದಲ್ಲಿ ಶಾಖೆ ಇರುವ ಎಲೆಕ್ಟ್ರಿಕಲ್ ಸಾಮಾನಿನ ವ್ಯಾಪಾರಿಯೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಮೂರು ಊರಿಗೂ ಒಂದೇ ಜಿಎಸ್‌ಟಿ ನೋಂದಣಿ. ಮೂರೂ ಕಡೆ ಏಪ್ರಿಲ್ 1ರಂದು 1ನೇ ನಂಬರಿನಿಂದ ಬಿಲ್ ಶುರುವಾದರೆ ಆ ದಿನವೇ ಒಂದೇ ನೋಂದಣಿಯಡಿ 1ನೇ ನಂಬರಿನ ಮೂರು ಬಿಲ್ ಹುಟ್ಟಿದಂತಾಯಿತು. ಇದು ನಿಯಮಕ್ಕೆ ವಿರುದ್ಧ. ಮೂರಕ್ಕೂ ಸೇರಿ ಒಂದೇ ಸಾಲು ಇಟ್ಟರೆ ಇನ್ನೊಂದು ಪೇಚು: ಶಿವಮೊಗ್ಗದಲ್ಲಿ ಇಂಟರ್‌ನೆಟ್ ಕೈಕೊಟ್ಟಾಗ ಮುಂದಿನ ನಂಬರ್ ಯಾವುದೆಂದು ಅಲ್ಲಿನ ಗುಮಾಸ್ತನಿಗೆ ಗೊತ್ತಾಗುವುದಿಲ್ಲ. ಗಿರಾಕಿ ಕಾಯಲಾರ, ಗುಮಾಸ್ತ ಅಂದಾಜಿನ ಮೇಲೆ ನಂಬರ್ ಹಾಕುತ್ತಾನೆ.

ಕಾನೂನು ಇದಕ್ಕೆ ದಾರಿ ಬಿಟ್ಟಿದೆ. ಸಾಲು ಒಂದೇ ಇರಬೇಕೆಂದಿಲ್ಲ, ಹಲವು ಇರಬಹುದು; ಪ್ರತಿಯೊಂದೂ ತನ್ನಷ್ಟಕ್ಕೆ ಅನುಕ್ರಮವಾಗಿರಬೇಕು, ಅಷ್ಟೆ. ಹಾಗಾಗಿ ಶಾಖೆಗೊಂದು ಸಾಲು ಕೊಡುವುದು ಸರಿಯಾದ ಕ್ರಮ: `DVG/25-26/00147`, `HBL/25-26/00147`. ಇದರಲ್ಲಿ 15 ಅಕ್ಷರಗಳಿವೆ. ಊರಿನ ಹೆಸರು, ವರ್ಷ ಎಲ್ಲವನ್ನೂ ಪೂರ್ತಿ ಬರೆಯುವ ಆಸೆಯಿಂದ `HUBBALLI/2025-26/00147` ಎಂದರೆ 22 ಆಗಿ ಮಿತಿ ದಾಟುತ್ತದೆ. ಒಂದೇ ಶಾಖೆಯಲ್ಲಿ ಪರಸ್ಪರ ಸಂಪರ್ಕವಿಲ್ಲದ ಎರಡು ಬಿಲ್ಲಿಂಗ್ ಯಂತ್ರಗಳಿದ್ದರೆ ಅವಕ್ಕೂ ಬೇರೆ ಬೇರೆ ಸಾಲು ಬೇಕು: `HB1`, `HB2`. ನಾಳೆ ಚೆನ್ನೈನಲ್ಲಿ ಅಂಗಡಿ ತೆರೆದರೆ ತಮಿಳುನಾಡಿನ ನೋಂದಣಿಯೇ ಬೇರೆಯಾಗುವುದರಿಂದ ಅಲ್ಲಿನ ಲೆಕ್ಕ ಇದಕ್ಕೆ ತಾಗುವುದಿಲ್ಲ.

ಸಾಲು ಹಂಚಿದ ಮೇಲೂ ಖಾಲಿ ಜಾಗ ಬೀಳುತ್ತದೆ. ಅದಕ್ಕೆ ಹೆಚ್ಚಾಗಿ ಕಾರಣ ನಂಬರನ್ನು ತೀರಾ ಬೇಗ ಕೊಡುವುದು. ಗುಮಾಸ್ತ ಹೊಸ ಬಿಲ್ಲಿನ ಪರದೆ ತೆರೆದ ಕೂಡಲೇ ಕಂಪ್ಯೂಟರ್ 00148 ಎಂದು ತೋರಿಸುತ್ತದೆ. ಗಿರಾಕಿ ಬೆಲೆ ಕೇಳಿ ಹೊರಟುಹೋದ, ಪರದೆ ಮುಚ್ಚಿತು, ಆ ನಂಬರ್ ಯಾರಿಗೂ ಸಿಗದೆ ಹೋಯಿತು. ದತ್ತಾಂಶ ಕೋಶಗಳು ತಾವಾಗಿಯೇ ಕೊಡುವ ಕ್ರಮಸಂಖ್ಯೆಯ ಸ್ವಭಾವವೂ ಇದೇ. ಪೋಸ್ಟ್‌ಗ್ರೆಸ್‌ನಲ್ಲಿ ಒಮ್ಮೆ ಕೊಟ್ಟ ಸಂಖ್ಯೆ, ಬಿಲ್ ಅರ್ಧಕ್ಕೆ ವಿಫಲವಾದರೂ ಹಿಂದಕ್ಕೆ ಬರುವುದಿಲ್ಲ. ಒಬ್ಬರ ಕೆಲಸ ಮುಗಿಯಲೆಂದು ಇನ್ನೊಬ್ಬರು ಕಾಯಬಾರದೆಂದು ಅದನ್ನು ಹಾಗೆ ಕಟ್ಟಿದ್ದಾರೆ. ಬಹಳಷ್ಟು ಕೆಲಸಕ್ಕೆ ಅದು ಒಳ್ಳೆಯದೇ, ಇನ್‌ವಾಯ್ಸ್‌ಗೆ ಮಾತ್ರ ಹೊಂದುವುದಿಲ್ಲ.

ಇನ್‌ವಾಯ್ಸ್‌ಗೆ ಬೇಕಾದುದು ನೋಂದಣಿ, ಶಾಖೆ, ವರ್ಷ ಈ ಮೂರಕ್ಕೆ ಸೇರಿ ಕೊನೆಯ ನಂಬರನ್ನು ಬರೆದಿಟ್ಟುಕೊಳ್ಳುವ ಒಂದು ಪ್ರತ್ಯೇಕ ಸಾಲು. ಬಿಲ್ ಅಂತಿಮವಾಗುವ ಕ್ಷಣದಲ್ಲಿ ಆ ನಂಬರನ್ನು ಒಂದು ಏರಿಸಿ, ಅದೇ ವಹಿವಾಟಿನೊಳಗೆ ಬಿಲ್ಲನ್ನೂ ಉಳಿಸಬೇಕು:

```sql
BEGIN;
UPDATE bill_series SET last_no = last_no + 1
 WHERE gstin = :gstin AND branch = 'HBL' AND fy = '25-26'
RETURNING last_no;
-- ಬಂದ ನಂಬರಿನೊಂದಿಗೆ ಬಿಲ್ಲನ್ನು ಇಲ್ಲಿ ಸೇರಿಸಿ
COMMIT;
```

ಬಿಲ್ ಉಳಿಯದಿದ್ದರೆ ಏರಿಸಿದ ನಂಬರೂ ಹಿಂದಿನದಕ್ಕೇ ಮರಳುತ್ತದೆ. ಒಂದು ಕೌಂಟರ್ ಈ ಕೆಲಸ ಮುಗಿಸುವ ತನಕ ಅದೇ ಸಾಲಿನ ಇನ್ನೊಂದು ಕೌಂಟರ್ ಕ್ಷಣಕಾಲ ಕಾಯಬೇಕು. ಕೊಡಬೇಕಾದ ಬೆಲೆ ಅಷ್ಟೇ. ಅಂತಿಮವಾಗುವ ತನಕ ಪರದೆಯ ಮೇಲಿರುವುದು ಕರಡು, ಅದಕ್ಕೆ ನಂಬರ್ ಇರಕೂಡದು.

ಇಷ್ಟಾದ ಮೇಲೂ ಸಾಲನ್ನು ಮುರಿಯಬಲ್ಲದ್ದು ಮನುಷ್ಯರ ಕೈ. ದಾವಣಗೆರೆಯಲ್ಲಿ 00351ನೇ ಬಿಲ್ಲಾಗಿ 18,400 ರೂಪಾಯಿಯ ಪಂಪ್ ಮಾರಾಟವಾಯಿತು. ಸಂಜೆ ಗಿರಾಕಿ ಅದನ್ನು ಹಿಂದಿರುಗಿಸಿದ. ಕ್ಯಾಷಿಯರ್ ಬಿಲ್ಲನ್ನೇ ಅಳಿಸಿದ. ಮರುದಿನ ಬೆಳಿಗ್ಗೆ ಬಂದ ಗಿರಾಕಿಗೆ 00351 ಮತ್ತೆ ಸಿಕ್ಕಿತು. ಈಗ ಊರಿನಲ್ಲಿ ಒಂದೇ ನಂಬರಿನ ಎರಡು ಕಾಗದಗಳಿವೆ, ಒಂದು ಅಂಗಡಿಯ ಲೆಕ್ಕದಲ್ಲಿಲ್ಲ. ಇಂಥ ಅಳಿಸುವ ಅಧಿಕಾರವನ್ನು ಮಾಲೀಕರಿಗೂ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಾನು ಅಂಗಡಿ ಬಿಡುವ ಮೊದಲೇ ತಪ್ಪು ಕಂಡರೆ ಬಿಲ್ಲನ್ನು ಕ್ಯಾನ್ಸಲ್ ಎಂದು ಗುರುತಿಸಿ ನಂಬರನ್ನು ಹಾಗೇ ಉಳಿಸಬೇಕು. ಸಾಮಾನು ಹೋಗಿ ಮರಳಿದ್ದರೆ ಕ್ರೆಡಿಟ್ ನೋಟ್ ಬರೆಯಬೇಕು, ಅದಕ್ಕೆ ತನ್ನದೇ ಸಾಲು ಇರುತ್ತದೆ.

ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ನೋಂದಾಯಿತ ವ್ಯಾಪಾರಿಗಳಿಗೆ ಕೊಡುವ ಇ-ಇನ್‌ವಾಯ್ಸ್‌ನಲ್ಲಿ ಈ ಶಿಸ್ತನ್ನು ಪೋರ್ಟಲ್ಲೇ ಹೇರುತ್ತದೆ. ಮಾರುವವರ ನೋಂದಣಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರ್ ಈ ನಾಲ್ಕರಿಂದ ಒಂದು ಗುರುತು ಹುಟ್ಟುತ್ತದೆ. 24 ಗಂಟೆಯೊಳಗೆ ಅದನ್ನು ರದ್ದು ಮಾಡಬಹುದು, ಆದರೆ ಅದೇ ನಂಬರಿನಲ್ಲಿ ಮತ್ತೊಂದನ್ನು ಪಡೆಯಲಾಗದು.

ಪರೀಕ್ಷೆಯಾಗುವುದು ತಿಂಗಳ ಕೊನೆಗೆ, ಜಿಎಸ್‌ಟಿಆರ್-1ರ 13ನೇ ಕೋಷ್ಟಕ ತುಂಬುವಾಗ. ಅಲ್ಲಿ ಪ್ರತಿ ಸಾಲಿಗೂ ಮೊದಲ ನಂಬರ್, ಕೊನೆಯ ನಂಬರ್, ಒಟ್ಟು, ರದ್ದಾದವು, ಉಳಿದವು ಎಂದು ಬರೆಯಬೇಕು. ದಾವಣಗೆರೆಯ ಸಾಲು ಈ ತಿಂಗಳು 00312ರಿಂದ 00389ರವರೆಗೆ ಓಡಿದ್ದರೆ ಒಟ್ಟು 78 ಬಿಲ್. 389ರಿಂದ 312 ಕಳೆದು 77 ಎಂದು ಬರೆಯುವವರು ಮೊದಲ ಬಿಲ್ಲನ್ನು ಎಣಿಸಲು ಮರೆತಿರುತ್ತಾರೆ. ಎರಡು ರದ್ದಾಗಿದ್ದರೆ ಉಳಿದದ್ದು 76. ಲೆಕ್ಕದ ಪುಸ್ತಕದಲ್ಲಿ ಆ ಸಾಲಿನ 75 ಬಿಲ್ ಮಾತ್ರ ಸಿಕ್ಕರೆ ರಿಟರ್ನ್ ಸಲ್ಲಿಸುವ ಮೊದಲೇ ಹುಡುಕಬೇಕು. ಹುಡುಕುವುದೂ ಸುಲಭ: ನಂಬರಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದನ್ನೂ ಹಿಂದಿನದರೊಂದಿಗೆ ಹೋಲಿಸಿ. ವ್ಯತ್ಯಾಸ ಒಂದಕ್ಕಿಂತ ಹೆಚ್ಚಿದ್ದರೆ ಬಿಲ್ ಕಾಣೆ, ಸೊನ್ನೆಯಾದರೆ ನಂಬರ್ ಎರಡು ಸಲ ಬಂದಿದೆ. ನಂಬರ್ ಮುಂದಕ್ಕೂ ದಿನಾಂಕ ಹಿಂದಕ್ಕೂ ಹೋಗಿದ್ದರೆ ಯಾರೋ ಹಳೆಯ ದಿನಾಂಕದಲ್ಲಿ ಬಿಲ್ ಮಾಡಿದ್ದಾರೆ.

ಹಳೆಯ ದಿನಾಂಕದ ಆಸೆ ಅತಿ ಹೆಚ್ಚು ಕಾಡುವುದು ಮಾರ್ಚ್ 31ರ ಆಸುಪಾಸಿನಲ್ಲಿ. ಆ ರಾತ್ರಿ ಕರಡಾಗಿಯೇ ಉಳಿದ ಬಿಲ್ ಏಪ್ರಿಲ್ 1ರ ಬೆಳಿಗ್ಗೆ ಅಂತಿಮವಾದರೆ ಅದು ಏಪ್ರಿಲ್‌ನ ದಿನಾಂಕ ಹೊತ್ತು `DVG/26-27/00001` ಆಗಬೇಕು. ನಂಬರ್ ಯಾವ ವರ್ಷದ ಸಾಲಿಗೆ ಸೇರಬೇಕೆಂಬುದನ್ನು ಬಿಲ್ಲಿನ ದಿನಾಂಕ ಹೇಳಬೇಕು. ಗುಮಾಸ್ತ ಪಟ್ಟಿಯಿಂದ ವರ್ಷ ಆರಿಸುವಂತೆ ಬಿಟ್ಟರೆ ಹಳೆಯ ವರ್ಷದ ಸಾಲಿನಲ್ಲಿ ಹೊಸ ವರ್ಷದ ಬಿಲ್ ಸೇರುವುದು ಖಂಡಿತ. ವರ್ಷವನ್ನು ನಂಬರಿನಲ್ಲೇ ಬರೆಯಬೇಕೆಂದು ಕಾನೂನು ಕೇಳುವುದಿಲ್ಲ. ಆದರೂ ಬರೆಯುವುದು ಒಳ್ಳೆಯದು: ಮೇ ತಿಂಗಳಲ್ಲಿ ಗಿರಾಕಿ ‘ನಿಮ್ಮ 147ನೇ ಬಿಲ್ಲಿನ ಬಾಕಿ’ ಎಂದು ದುಡ್ಡು ಕಳಿಸಿದಾಗ, ಎರಡು ವರ್ಷದ ಎರಡು 147ಗಳಲ್ಲಿ ಯಾವುದಕ್ಕೆ ಜಮಾ ಮಾಡಬೇಕೆಂದು ಲೆಕ್ಕ ಬರೆಯುವವರು ಫೋನ್ ಮಾಡಿ ಕೇಳಬೇಕಾಗುವುದಿಲ್ಲ.