ವರ್ಷದ ಏರಿಳಿತವನ್ನು ತಿಂಗಳಿಗೆ ಇಳಿಸುವ ಲೆಕ್ಕ

ಒಂದು ಷೇರಿನ ಬೆಲೆ ಇವತ್ತು 1000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ತಿಂಗಳ ನಂತರ ಅದನ್ನು ಅದೇ 1000 ರೂಪಾಯಿಗೆ ಕೊಳ್ಳುವ ಹಕ್ಕನ್ನು ಒಬ್ಬರು ಇವತ್ತು ಮಾರುತ್ತಿದ್ದಾರೆ. ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಬೆಲೆ ಏರಿದ್ದರೆ ಕೊಂಡು ಲಾಭ ಮಾಡಿಕೊಳ್ಳಬಹುದು, ಇಳಿದಿದ್ದರೆ ಸುಮ್ಮನಿರಬಹುದು. ಮಾರುಕಟ್ಟೆಯಲ್ಲಿ ಇದಕ್ಕೆ ಕಾಲ್ ಆಪ್ಷನ್ ಎನ್ನುತ್ತಾರೆ. ಈ ಹಕ್ಕಿಗೆ ಎಷ್ಟು ಪ್ರೀಮಿಯಂ ಕೊಡುವುದು ನ್ಯಾಯ?

ಉತ್ತರ ಬಹುಮಟ್ಟಿಗೆ ಆ ಷೇರು ಎಷ್ಟು ಹೊಯ್ದಾಡುತ್ತದೆ ಎಂಬುದರ ಮೇಲೆ ನಿಂತಿದೆ. ಮಿಸುಕಾಡದ ಷೇರಿನ ಮೇಲಿನ ಹಕ್ಕಿಗೆ ಹೆಚ್ಚು ಬೆಲೆಯಿಲ್ಲ. ಹೊಯ್ದಾಟದ ಅಳತೆಗೆ ವೊಲಾಟಿಲಿಟಿ ಎಂದು ಹೆಸರು, ಅದನ್ನು ವಾಡಿಕೆಯಲ್ಲಿ ವರ್ಷದ ಲೆಕ್ಕದಲ್ಲೇ ಹೇಳುತ್ತಾರೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪ್ರಕಟಿಸುವ ಇಂಡಿಯಾ ವಿಐಎಕ್ಸ್ ಸೂಚ್ಯಂಕವನ್ನೇ ನೋಡಿ. ಅದು ನಿಫ್ಟಿಯ ಮುಂದಿನ ಮೂವತ್ತು ದಿನಗಳ ಏರಿಳಿತದ ನಿರೀಕ್ಷೆ, ಆದರೆ ಪರದೆಯ ಮೇಲೆ ಕಾಣುವ ಸಂಖ್ಯೆ ವಾರ್ಷಿಕ ಶೇಕಡಾವಾರು. ನಮ್ಮ ಷೇರಿನ ವಾರ್ಷಿಕ ವೊಲಾಟಿಲಿಟಿ ಶೇ. 20 ಇರಲಿ. ನಮಗೆ ಬೇಕಾಗಿರುವುದು ತಿಂಗಳ ಏರಿಳಿತ. ಈ ಒಂದು ಹೆಜ್ಜೆಯಲ್ಲೇ ಬಹಳಷ್ಟು ಲೆಕ್ಕಗಳು ದಾರಿ ತಪ್ಪುತ್ತವೆ.

ತಿಂಗಳ ಏರಿಳಿತ ಯಾಕೆ ಬೇಕು ಎಂದರೆ, ಲೆಕ್ಕವನ್ನು ಮರದ ಹಾಗೆ ಕವಲೊಡೆಸುವ ವಿಧಾನ ಒಂದಿದೆ: ಬೈನೊಮಿಯಲ್ ಟ್ರೀ. ಪ್ರತಿ ಹೆಜ್ಜೆಯಲ್ಲೂ ಷೇರಿಗೆ ಎರಡೇ ದಾರಿ. ಒಂದೋ u ಎಂಬ ಅಂಶದಿಂದ ಗುಣಿಸಿಕೊಂಡು ಮೇಲೇರುತ್ತದೆ, ಇಲ್ಲವೇ d ಎಂಬ ಅಂಶದಿಂದ ಗುಣಿಸಿಕೊಂಡು ಇಳಿಯುತ್ತದೆ. ಜಾನ್ ಕಾಕ್ಸ್, ಸ್ಟೀಫನ್ ರಾಸ್ ಮತ್ತು ಮಾರ್ಕ್ ರೂಬಿನ್‌ಸ್ಟೀನ್ 1979ರಲ್ಲಿ ಇದನ್ನು ಪ್ರಕಟಿಸಿದರು. ಹೀಗೆ ಬಿಡಿಬಿಡಿ ಹೆಜ್ಜೆಗಳಲ್ಲಿ ಯೋಚಿಸುವ ಸಲಹೆ ತಮಗೆ ವಿಲಿಯಂ ಶಾರ್ಪ್ ಅವರಿಂದ ಸಿಕ್ಕಿತು ಎಂದು ಅವರೇ ಹೇಳಿದ್ದಾರೆ. ಅದಕ್ಕೂ ಮೊದಲು 1973ರಲ್ಲಿ ಬಂದಿದ್ದ ಬ್ಲ್ಯಾಕ್–ಶೋಲ್ಸ್ ಸೂತ್ರವನ್ನು ಪಡೆಯಲು ದೊಡ್ಡ ಗಣಿತ ಬೇಕಿತ್ತು. ಮರವನ್ನು ಕಟ್ಟಲು ಗುಣಾಕಾರ, ಕೂಡುವಿಕೆ ಗೊತ್ತಿದ್ದರೆ ಸಾಕು. ಉಳಿಯುವ ಪ್ರಶ್ನೆ ಒಂದೇ: u ಮತ್ತು d ಎಷ್ಟಿರಬೇಕು?

ಶೇ. 20 ಅನ್ನು 12ರಿಂದ ಭಾಗಿಸಿ ತಿಂಗಳಿಗೆ ಶೇ. 1.67 ಎನ್ನೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಡ್ಡಿಯನ್ನು ಹಾಗೆಯೇ ಭಾಗಿಸುತ್ತೇವಲ್ಲ? ಆದರೆ ಬಡ್ಡಿ ಒಂದೇ ದಿಕ್ಕಿಗೆ ಬೆಳೆಯುತ್ತದೆ, ಏರಿಳಿತಕ್ಕೆ ಎರಡು ದಿಕ್ಕು. ನಾಣ್ಯ ಚಿಮ್ಮಿ, ರಾಜ ಬಿದ್ದರೆ ಒಂದು ಹೆಜ್ಜೆ ಮುಂದೆ, ರಾಣಿ ಬಿದ್ದರೆ ಒಂದು ಹೆಜ್ಜೆ ಹಿಂದೆ ಹೋಗುವವನನ್ನು ನೆನೆಸಿಕೊಳ್ಳಿ. ಒಂಬತ್ತು ಸಲ ಚಿಮ್ಮಿದ ಮೇಲೆ ಅವನು ಹೊರಟ ಜಾಗದಿಂದ ಒಂಬತ್ತು ಹೆಜ್ಜೆ ದೂರ ಹೋಗಿರುವುದು ತೀರಾ ಅಪರೂಪ, ಏಕೆಂದರೆ ಮುಂದಿಟ್ಟ ಹೆಜ್ಜೆಗಳನ್ನು ಹಿಂದಿಟ್ಟ ಹೆಜ್ಜೆಗಳು ತಿಂದುಹಾಕುತ್ತವೆ. ಅವನ ದೂರದ ಮಾನಕ ವಿಚಲನೆ ಮೂರು ಹೆಜ್ಜೆ, ಅಂದರೆ ಒಂಬತ್ತರ ವರ್ಗಮೂಲ. ಒಂದರ ಮೇಲೊಂದು ಅವಲಂಬಿಸದ ಹೆಜ್ಜೆಗಳಲ್ಲಿ ವಿಚಲನೆಗಳು ನೇರವಾಗಿ ಕೂಡಿಕೊಳ್ಳುವುದಿಲ್ಲ, ಅವುಗಳ ವರ್ಗಗಳು ಕೂಡಿಕೊಳ್ಳುತ್ತವೆ.

ಹಾಗಾಗಿ ನಾವು ಭಾಗಿಸಬೇಕಾದದ್ದು 0.20 ಅನ್ನಲ್ಲ, ಅದರ ವರ್ಗವಾದ 0.04 ಅನ್ನು. ಅದನ್ನು 12ರಿಂದ ಭಾಗಿಸಿದರೆ 0.00333, ಅದರ ವರ್ಗಮೂಲ 0.0577. ತಿಂಗಳ ಏರಿಳಿತ ಶೇ. 5.77, ಮೇಲಿನ ಅವಸರದ ಉತ್ತರದ ಮೂರೂವರೆ ಪಟ್ಟು. ಇದನ್ನೇ ಕಾಕ್ಸ್ ಮತ್ತು ಸಂಗಡಿಗರು ಹೀಗೆ ಬರೆದರು:

```
u = e^(σ√Δt)
d = 1/u
p = (e^(rΔt) − d) / (u − d)
```

ಇಲ್ಲಿ σ ವಾರ್ಷಿಕ ವೊಲಾಟಿಲಿಟಿ, Δt ಹೆಜ್ಜೆಯ ಉದ್ದ. ಆ ಉದ್ದವನ್ನು ವರ್ಷಗಳಲ್ಲೇ ಹೇಳಬೇಕು, ಆದ್ದರಿಂದ ಒಂದು ತಿಂಗಳೆಂದರೆ 1/12. r ವಾರ್ಷಿಕ ಬಡ್ಡಿದರ. ಎಕ್ಸೆಲ್‌ನಲ್ಲಿ `=EXP(0.2*SQRT(1/12))` ಎಂದು ಬರೆದರೆ u ಸಿಗುತ್ತದೆ: 1.0594. ಅದರ ತಲೆಕೆಳಗು d: 0.9439. ಸುಮ್ಮನೆ 1.0577 ಮತ್ತು 0.9423 ಎಂದು ಇಟ್ಟುಕೊಳ್ಳಬಾರದೇ ಎಂದರೆ, ಶೇ. 5.77 ಏರಿ ಮತ್ತೆ ಶೇ. 5.77 ಇಳಿದ ಷೇರು ಹೊರಟಲ್ಲಿಗೆ ವಾಪಸು ಬರುವುದಿಲ್ಲ, ಸ್ವಲ್ಪ ಕೆಳಗೇ ನಿಲ್ಲುತ್ತದೆ. ಘಾತದ ರೂಪದಲ್ಲಿ ಬರೆದರೆ ಒಂದು ಏರು ಮತ್ತು ಒಂದು ಇಳಿವು ಸರಿಯಾಗಿ ಒಂದನ್ನೊಂದು ಅಳಿಸುತ್ತವೆ.

u, d, p ಎಂಬ ಮೂರು ಅಪರಿಚಿತ ಸಂಖ್ಯೆಗಳಿವೆ, ಪಾಲಿಸಬೇಕಾದ ಷರತ್ತುಗಳು ಎರಡೇ: ಸರಾಸರಿ ಸರಿಹೋಗಬೇಕು, ಏರಿಳಿತ ಸರಿಹೋಗಬೇಕು. ಒಂದು ಷರತ್ತು ನಮ್ಮ ಆಯ್ಕೆಗೆ ಉಳಿಯುತ್ತದೆ. d = 1/u ಎಂಬುದು ಕಾಕ್ಸ್ ಮತ್ತು ಸಂಗಡಿಗರ ಆಯ್ಕೆ. ರಾಬರ್ಟ್ ಜಾರೋ ಮತ್ತು ಆಂಡ್ರ್ಯೂ ರಡ್ ಅದರ ಬದಲು ಏರಿಳಿವುಗಳಿಗೆ ಅರ್ಧರ್ಧ ಸಂಭವನೀಯತೆ ಕೊಟ್ಟು ಬೇರೆ ಮರ ಕಟ್ಟಿದರು. ಎರಡೂ ಸರಿಯೇ. ನನಗೆ ಮೊದಲನೆಯದೇ ಇಷ್ಟ, ಏಕೆಂದರೆ ಅದರ ನಡುಗಂಬ ಅಲುಗಾಡದೆ 1000ದಲ್ಲೇ ನಿಲ್ಲುತ್ತದೆ, ತಪ್ಪು ಬಿದ್ದರೆ ಕಣ್ಣಿಗೇ ಕಾಣುತ್ತದೆ.

ಈಗ ಮರ ಕಟ್ಟೋಣ. ಮೊದಲ ತಿಂಗಳ ಕೊನೆಗೆ ಷೇರು 1059.43 ಅಥವಾ 943.90. ಎರಡನೆಯ ತಿಂಗಳಿಗೆ 1122.40, 1000, 890.95. ಮೂರನೆಯದಕ್ಕೆ 1189.11, 1059.43, 943.90, 840.97. ಏರಿ ಇಳಿದರೂ ಇಳಿದು ಏರಿದರೂ ಒಂದೇ ಬೆಲೆಗೆ ಬರುವುದರಿಂದ ಕವಲುಗಳು ಮತ್ತೆ ಕೂಡಿಕೊಳ್ಳುತ್ತವೆ. ಹೀಗಾಗಿ ಮೂರು ತಿಂಗಳ ಕೊನೆಗೆ ಎಂಟರ ಬದಲು ನಾಲ್ಕೇ ಬೆಲೆಗಳಿವೆ.

ಇನ್ನು p. ಷೇರು ನಿಜವಾಗಿ ಏರುವ ಸಂಭವ ಎಷ್ಟು ಎಂಬ ಯಾರದೇ ಅಭಿಪ್ರಾಯ ಇದಲ್ಲ. ಷೇರು ಮತ್ತು ಸಾಲ ಎರಡನ್ನೂ ಹದವಾಗಿ ಬೆರೆಸಿ ಆಪ್ಷನ್ ಕೊಡುವ ಹಣವನ್ನೇ ಹುಟ್ಟಿಸಬಹುದಾದ್ದರಿಂದ, ಆಪ್ಷನ್ ಬೆಲೆಗೆ ಆ ಅಭಿಪ್ರಾಯದ ಅಗತ್ಯವೇ ಬೀಳುವುದಿಲ್ಲ. ಎರಡು ಕವಲುಗಳ ಸರಾಸರಿ ಬೆಳವಣಿಗೆ ಅಪಾಯವಿಲ್ಲದ ಬಡ್ಡಿಗೆ ಸಮನಾಗುವಂತೆ ಹಂಚಿದ ತೂಕವೇ p. ಬಡ್ಡಿ ವರ್ಷಕ್ಕೆ ಶೇ. 6 ಇದ್ದರೆ ನಮ್ಮ p ಸುಮಾರು 0.529. ಕೊನೆಯ ನಾಲ್ಕು ಬೆಲೆಗಳಲ್ಲಿ ಮೇಲಿನ ಎರಡರಲ್ಲಿ ಮಾತ್ರ ಹಕ್ಕಿಗೆ ಬೆಲೆಯಿದೆ: 189.11 ಮತ್ತು 59.43. ಅವುಗಳಿಗೆ ತೂಕ ಕೊಟ್ಟು ಕೂಡಿ, ಮೂರು ತಿಂಗಳ ಬಡ್ಡಿ ಕಳೆದು ಇವತ್ತಿಗೆ ತಂದರೆ 50.72 ರೂಪಾಯಿ ಬರುತ್ತದೆ.

ಇದೇ ಆಪ್ಷನ್‌ಗೆ ಬ್ಲ್ಯಾಕ್–ಶೋಲ್ಸ್ ಸೂತ್ರ ಹೇಳುವ ಬೆಲೆ 47.47. ಮೂರು ರೂಪಾಯಿಯ ವ್ಯತ್ಯಾಸ ನೋಡಿ ಗಾಬರಿಯಾಗಬೇಕಿಲ್ಲ. ಅದೇ ಮೂರು ತಿಂಗಳನ್ನು ಎರಡು ಹೆಜ್ಜೆಗಳಾಗಿ ಒಡೆದರೆ ಮರ 42.92 ಎನ್ನುತ್ತದೆ, ನಾಲ್ಕಾಗಿ ಒಡೆದರೆ 45.07. ಹೆಜ್ಜೆಗಳು ಬೆಸವಾದಾಗ ಉತ್ತರ ಮೇಲೆ, ಸಮವಾದಾಗ ಕೆಳಗೆ. ಹೆಜ್ಜೆಗಳು ಹೆಚ್ಚಿದಂತೆ ಈ ಓಲಾಟ ಕಡಿಮೆಯಾಗಿ 47.47ರ ಕಡೆಗೆ ಹೋಗುತ್ತದೆ. ಹಕ್ಕಿನ ಬೆಲೆ ಮತ್ತು ಇವತ್ತಿನ ಬೆಲೆ ಎರಡೂ 1000 ಆಗಿರುವಾಗ ಇದು ಎದ್ದು ಕಾಣುತ್ತದೆ: ಹೆಜ್ಜೆಗಳು ಸಮವಾಗಿದ್ದರೆ ಮರದ ತುದಿಯ ನಡುಬೆಲೆ ಸರಿಯಾಗಿ 1000ದ ಮೇಲೆಯೇ ಕೂರುತ್ತದೆ, ಬೆಸವಾಗಿದ್ದರೆ 1000 ಎರಡು ಬೆಲೆಗಳ ನಡುವೆ ಬೀಳುತ್ತದೆ. ಮೂರು ಮತ್ತು ನಾಲ್ಕು ಹೆಜ್ಜೆಗಳ ಉತ್ತರಗಳ ಸರಾಸರಿ ತೆಗೆದರೂ ಸಾಕು, 47.89ಕ್ಕೆ ಬರುತ್ತೇವೆ.

ಇನ್ನು 20ನ್ನು 12ರಿಂದ ಭಾಗಿಸಿದವರ ಮರ ನೋಡೋಣ. ಅವರ u 1.0168, d 0.9835, p 0.646. ಯಾವುದೂ ಅಸಂಬದ್ಧವಾಗಿ ಕಾಣುವುದಿಲ್ಲ. ಮರ ಅಂದವಾಗಿಯೇ ಬೆಳೆಯುತ್ತದೆ, ಬೆಲೆಯೂ ಬರುತ್ತದೆ: 20.97 ರೂಪಾಯಿ! ನಲವತ್ತೇಳು ರೂಪಾಯಿಯ ಹಕ್ಕನ್ನು ಇಪ್ಪತ್ತೊಂದಕ್ಕೆ ಮಾರಿದವನಿಗೆ ಕಂಪ್ಯೂಟರ್ ಎಚ್ಚರಿಕೆಯನ್ನೇನೂ ಕೊಡುವುದಿಲ್ಲ. ತಪ್ಪನ್ನು ಹಿಡಿಯಲು ಲೆಕ್ಕವನ್ನು ಹಿಂದಕ್ಕೆ ನಡೆಸಬೇಕು. u ನ ಲಾಗರಿದಮ್ ತೆಗೆದುಕೊಂಡು ವರ್ಷದಲ್ಲಿರುವ ಹೆಜ್ಜೆಗಳ ವರ್ಗಮೂಲದಿಂದ ಗುಣಿಸಿ. ಸರಿಯಾದ ಮರದಲ್ಲಿ 0.0577 ಸಲ √12 ಮಾಡಿದರೆ 0.20 ವಾಪಸು ಬರುತ್ತದೆ. ತಪ್ಪು ಮರದಲ್ಲಿ ಬರುವುದು 0.0577. ಶೇ. 20 ಕೊಟ್ಟಿದ್ದೆವು, ಮರದೊಳಗೆ ಉಳಿದದ್ದು ವರ್ಷಕ್ಕೆ ಶೇ. 5.77.

ಇದಕ್ಕಿಂತ ಸಣ್ಣ, ಆದರೆ ಹೆಚ್ಚು ವ್ಯಾಪಕವಾದ ತಪ್ಪು ದಿನಗಳ ಎಣಿಕೆಯಲ್ಲಿದೆ. ದಿನದಿನದ ಬೆಲೆಗಳಿಂದ ವಾರ್ಷಿಕ ವೊಲಾಟಿಲಿಟಿ ತೆಗೆಯುವವರು ಸಾಮಾನ್ಯವಾಗಿ ವಹಿವಾಟಿನ ದಿನಗಳಾದ 252ರ ವರ್ಗಮೂಲದಿಂದ ಗುಣಿಸುತ್ತಾರೆ. ಆಮೇಲೆ ಒಂದು ದಿನದ ಹೆಜ್ಜೆಗೆ Δt ಅನ್ನು 1/365 ಎಂದು ಹಾಕಿದರೆ, ಶೇ. 1.26 ಇರಬೇಕಾದ ದಿನದ ಏರಿಳಿತ ಶೇ. 1.05ಕ್ಕೆ ಕುಸಿಯುತ್ತದೆ. ಯಾವ ಪದ್ಧತಿಯಾದರೂ ಆಗಬಹುದು, ಹೋಗುವಾಗಲೂ ಬರುವಾಗಲೂ ಅದೇ ಇರಬೇಕು.

ಮರ ತಾನಾಗಿಯೇ ಕೂಗಿ ಹೇಳುವ ತಪ್ಪು ಒಂದಿದೆ. ಏರಿಳಿತ ತೀರಾ ಕಡಿಮೆಯಿದ್ದು ಹೆಜ್ಜೆ ಉದ್ದವಾಗಿದ್ದರೆ p ಒಂದನ್ನು ಮೀರುತ್ತದೆ. ವೊಲಾಟಿಲಿಟಿ ಶೇ. 3, ಬಡ್ಡಿ ಶೇ. 6, ಹೆಜ್ಜೆ ಅರ್ಧ ವರ್ಷ ಎಂದಿರಲಿ. u ಬರುವುದು 1.0214. ಅದೇ ಅವಧಿಗೆ ಬಡ್ಡಿ ಮಾತ್ರದಿಂದಲೇ ಹಣ 1.0305 ಪಟ್ಟಾಗುತ್ತದೆ. ಷೇರಿನ ಒಳ್ಳೆಯ ಕವಲಿಗಿಂತ ಬಡ್ಡಿಯೇ ಲೇಸು ಎಂದಾಗ p 1.21ಕ್ಕೆ ಏರುತ್ತದೆ. ಸಂಭವನೀಯತೆ ಒಂದನ್ನು ಮೀರುವಂತಿಲ್ಲ. ಪರಿಹಾರ ಹೆಜ್ಜೆಯನ್ನು ಕಿರಿದು ಮಾಡುವುದು: ಈ ಸಂಖ್ಯೆಗಳಿಗೆ ಮೂರು ತಿಂಗಳಿಗಿಂತ ಚಿಕ್ಕ ಹೆಜ್ಜೆ ಬೇಕು. ವರ್ಗಮೂಲದ ಕಾರಣದಿಂದ ಹೆಜ್ಜೆ ಕಿರಿದಾದಂತೆ ಬಡ್ಡಿ ಬೇಗ ಕರಗುತ್ತದೆ, ಏರಿಳಿತ ನಿಧಾನವಾಗಿ ಕರಗುತ್ತದೆ.

ಮೂರು ತಿಂಗಳ ಇಂಥ ಸರಳ ಆಪ್ಷನ್‌ಗೆ ಸೂತ್ರವೇ ಸಾಕು. ಅವಧಿ ಮುಗಿಯುವ ಮೊದಲೇ ಹಕ್ಕು ಚಲಾಯಿಸಲು ಅವಕಾಶವಿದ್ದಾಗ ಮರದ ಉಪಯೋಗ ತಿಳಿಯುತ್ತದೆ, ಏಕೆಂದರೆ ಅದರ ಪ್ರತಿ ಗಂಟಿನಲ್ಲೂ ನಿಂತು ಈಗಲೇ ಕೊಳ್ಳುವುದೋ ಕಾಯುವುದೋ ಎಂದು ಕೇಳಬಹುದು. ಬೆಂಗಳೂರಿನ ಕಂಪನಿಗಳು ನೌಕರರಿಗೆ ಕೊಡುವ ಇಸಾಪ್‌ಗಳು ಹಲವು ವರ್ಷಗಳ ಇಂಥ ಹಕ್ಕುಗಳೇ. ಅರ್ಧ ವರ್ಷದ ಹೆಜ್ಜೆ, ಶೇ. 45ರ ವೊಲಾಟಿಲಿಟಿ ಇಟ್ಟರೆ u 1.375 ಆಗುತ್ತದೆ, ಶೇ. 35 ಎಂದರೆ 1.281. ಎರಡೂ ಮರಗಳು ಒಳಗೊಳಗೇ ಸರಿಯಾಗಿರುತ್ತವೆ, σ ಯಾವುದು ನಿಜ ಎಂದು ಮರ ಹೇಳಲಾರದು. ಷೇರುಪೇಟೆಗೆ ಇನ್ನೂ ಬಾರದ ಕಂಪನಿಗೆ ಹಳೆಯ ಬೆಲೆಗಳೇ ಇರುವುದಿಲ್ಲ, ಅದೇ ಬಗೆಯ ವ್ಯವಹಾರದ ಪೇಟೆಯ ಕಂಪನಿಗಳನ್ನು ನೋಡಿ ಅಂದಾಜು ಮಾಡಬೇಕಾಗುತ್ತದೆ. ಆ ಅಂದಾಜನ್ನು ಮತ್ತು ಅದಕ್ಕೆ ಬಂದ ದಾರಿಯನ್ನು ಟಿಪ್ಪಣಿಗಳಲ್ಲಿ ಬರೆಯಬೇಕು ಎಂದು ಇಂಡ್ ಎಎಸ್ 102 ಎಂಬ ಲೆಕ್ಕಪತ್ರ ಮಾನದಂಡ ಹೇಳುತ್ತದೆ. ಅದನ್ನು ಪಾಲಿಸುವ ಕಂಪನಿಯ ವಾರ್ಷಿಕ ವರದಿಯಲ್ಲಿ ಷೇರು ಆಧಾರಿತ ಪಾವತಿಗಳ ಟಿಪ್ಪಣಿ ತೆರೆದು ನೋಡಿದರೆ, ನಿರೀಕ್ಷಿತ ವೊಲಾಟಿಲಿಟಿ ಎಂಬ ಸಾಲಿನ ಎದುರು ಆ ಶೇಕಡಾವಾರು ಸಿಗುತ್ತದೆ.